ಮೂರು ಮಾತ್ರೆಗೆ ಒಂದೇ ‘ಬಿ.ಡಿ.’, ಟೈಮ್ ಮಾತ್ರ ಮೂರು ಥರ

ಅಪ್ಪಂಗೆ ಹಾರ್ಟ್ ಪಂಪಿಂಗ್ ಸ್ವಲ್ಪ ವೀಕು, ಜೊತೆಗೆ ಶುಗರ್ ಇದೆ, ಥೈರಾಯ್ಡ್ ಇದೆ, ಸಾಲದು ಅಂತ ಈ ಸಲ ಎದೆಯಲ್ಲಿ ಇನ್ಫೆಕ್ಷನ್ ಆಗಿ ಅಡ್ಮಿಟ್ ಮಾಡಿದ್ವಿ. ವಾಸಿಯಾಗಿ ಡಿಸ್ಚಾರ್ಜ್ ಆಯ್ತು, ಕೈಗೆ ಒಂದು ಶೀಟು ಬಂತು. ಅದರಲ್ಲಿ ಒಂದೊಂದು ಮಾತ್ರೆ ಹೆಸರಿನ ಮುಂದೆ ಓ.ಡಿ., ಬಿ.ಡಿ., ಟಿ.ಡಿ.ಎಸ್., ಎಸ್.ಒ.ಎಸ್., ಎಚ್.ಎಸ್. ಅಂತ ಎರಡು ಮೂರು ಅಕ್ಷರ, ಅಷ್ಟೇ. ಎಷ್ಟು ಗಂಟೆಗೆ ಅಂತ ಒಂದು ಕಡೇನೂ ಇಲ್ಲ. ಈ ಅಕ್ಷರಗಳ ಅರ್ಥ ಗೊತ್ತಿರೋರು ಬೇಕಾದಷ್ಟು ಜನ ಇದಾರೆ, ಓ.ಡಿ. ಅಂದ್ರೆ ದಿನಕ್ಕೊಂದು ಸಲ, ಬಿ.ಡಿ. ಎರಡು, ಟಿ.ಡಿ.ಎಸ್. ಮೂರು, ಕ್ಯೂ.ಐ.ಡಿ. ನಾಲ್ಕು, ಎಚ್.ಎಸ್. ಮಲಗೋ ಮುಂಚೆ, ಎಸ್.ಒ.ಎಸ್. ಬೇಕಾದಾಗ ಮಾತ್ರ, ಎ.ಸಿ. ಊಟಕ್ಕೆ ಮುಂಚೆ, ಪಿ.ಸಿ. ಊಟ ಆದ್ಮೇಲೆ. ಇಷ್ಟು ಯಾರನ್ನ ಕೇಳಿದ್ರೂ ಹೇಳ್ತಾರೆ. ಆದ್ರೆ ಈ ಅಕ್ಷರಗಳನ್ನ ಗಡಿಯಾರಕ್ಕೆ ಇಳಿಸೋಕೆ ಕೂತಾಗಲೇ ಗೊತ್ತಾಗೋದು, ಅವು ಹೇಳೋದು ಎಷ್ಟು ಸಲ ಅನ್ನೋದನ್ನ ಮಾತ್ರ, ಯಾವಾಗ ಅನ್ನೋದನ್ನ ಬೇರೆ ಕಡೆಯಿಂದ ಹುಡುಕಿ ತರಬೇಕು.

ನಮ್ಮ ಶೀಟಲ್ಲಿ ಬಿ.ಡಿ. ಅಂತ ಇದ್ದಿದ್ದು ಮೂರು ಮಾತ್ರೆಗೆ. ಶುಗರ್‌ಗೆ ಮೆಟ್‌ಫಾರ್ಮಿನ್ 500, ಮೈಯಲ್ಲಿ ನೀರು ತುಂಬದೆ ಇರೋಕೆ ಫ್ಯೂರೊಸೆಮೈಡ್ 40, ಎದೆನೋವು ಬರದೆ ಇರೋಕೆ ಐಸೊಸಾರ್ಬೈಡ್ ಮೊನೊನೈಟ್ರೇಟ್ 20. ಮೆಡಿಕಲ್ ಶಾಪಿನೋರು ಮೂರೂ ಸ್ಟ್ರಿಪ್ಪಿನ ಕವರ್ ಮೇಲೂ ಪೆನ್ನಲ್ಲಿ 1-0-1 ಅಂತ ಬರೆದುಕೊಟ್ರು. ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ ಇದು ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ ಲೆಕ್ಕ, ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಬಿ.ಡಿ. ಕಂಡ ತಕ್ಷಣ ಕೈ ತಾನಾಗೇ 1-0-1 ಬರೆಯುತ್ತೆ ಅನ್ಸುತ್ತೆ, ದಿನಾ ನೂರಾರು ಚೀಟಿ ನೋಡೋರಿಗೆ ಅದು ಅಭ್ಯಾಸ. ಆದ್ರೆ ಬಿ.ಡಿ.ಗೆ 1-1-0 ಅನ್ನೋ ಅರ್ಥಾನೂ ಇರಬಹುದು, ಅದೂ ದಿನಕ್ಕೆ ಎರಡು ಸಲಾನೇ ತಾನೆ. ನಮ್ಮ ಮೂರರಲ್ಲಿ ಎರಡು ಮಾತ್ರೆ ಈ ಜಾತಿಗೆ ಸೇರಿದ್ವು.

ಇದು ಗೊತ್ತಾಗಿದ್ದು ಅಪ್ಪನ ನಿದ್ದೆಯಿಂದ. ಆಸ್ಪತ್ರೆಯಲ್ಲಿ ರಾತ್ರಿ ಒಂದೋ ಎರಡೋ ಸಲ ಏಳ್ತಿದ್ದೋರು ಮನೆಗೆ ಬಂದ್ಮೇಲೆ ಮಲಗಿದ ಅರ್ಧ ಗಂಟೆಗೆ ಎದ್ದು ಬಾತ್‌ರೂಮಿಗೆ ಹೋಗೋರು, ಮತ್ತೆ ಬಂದು ಮಲಗೋರು, ಮತ್ತೆ ಏಳೋರು. ಅಕ್ಕ ಇದು ಶುಗರ್ ಜಾಸ್ತಿಯಾಗಿರೋದು ಕಣೋ ಅಂದ್ಳು, ಚೆಕ್ ಮಾಡಿದ್ರೆ ಶುಗರ್ ಸರಿಯಾಗೇ ಇತ್ತು. ಯೂರಿನ್ ಇನ್ಫೆಕ್ಷನ್ ಇರಬಹುದು ಅಂದ್ಕೊಂಡ್ವಿ, ಉರಿ ಇಲ್ಲ ಏನಿಲ್ಲ. ಆಮೇಲೆ ಅವರು ಏಳೋ ಟೈಮನ್ನ ಒಂದು ಚೀಟಿಯಲ್ಲಿ ಬರ್ಕೊಳ್ತಾ ಹೋದೆ. ಮಾತ್ರೆ 9 ಗಂಟೆಗೆ, ಮೊದಲನೇ ಸಲ ಎದ್ದಿದ್ದು 10ಕ್ಕೆ ಮುಂಚೆ, ಆಮೇಲೆ 11ರ ಹತ್ತಿರ, ಹನ್ನೆರಡೂವರೆ, ಎರಡು ಗಂಟೆ, ಮೂರರ ನಂತರ ಬೆಳಗಿನವರೆಗೂ ಗಾಢ ನಿದ್ದೆ. ಖಾಯಿಲೆ ಹೀಗೆ ಗಂಟೆ ನೋಡ್ಕೊಂಡು ಶುರುವಾಗಿ ಗಂಟೆ ನೋಡ್ಕೊಂಡು ನಿಲ್ಲಲ್ಲ, ಮಾತ್ರೆ ನಿಲ್ಲುತ್ತೆ. ಫ್ಯೂರೊಸೆಮೈಡ್ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತೆ, ಒಂದೆರಡು ಗಂಟೆಯಲ್ಲಿ ಅದರ ಜೋರು, ಆರು ಗಂಟೆಯಷ್ಟೊತ್ತಿಗೆ ಮುಗೀತು. 9ಕ್ಕೆ ಆರು ಸೇರಿಸಿದ್ರೆ 3. ಚೀಟಿಯಲ್ಲಿರೋ ಲೆಕ್ಕ ಅದೇ.

ಮಾರನೇ ದಿನ ವಾರ್ಡಿಗೆ ಫೋನ್ ಮಾಡಿದೆ. ಅಪ್ಪನ ನೋಡ್ಕೊಂಡಿದ್ದ ಸಿಸ್ಟರೇ ಸಿಕ್ಕಿದ್ರು. ‘ಸಿಸ್ಟರ್, ವಾರ್ಡಲ್ಲಿ ಇದನ್ನ ಎಷ್ಟೊತ್ತಿಗೆ ಕೊಡ್ತಿದ್ರಿ’ ಅಂತ ಕೇಳಿದ್ದಕ್ಕೆ ಅವರು ಚಾರ್ಟ್ ತೆಗೆದು ನೋಡಿ, ‘ಬೆಳಿಗ್ಗೆ 8, ಮಧ್ಯಾಹ್ನ 2. ರಾತ್ರಿ ಯಾರಾದ್ರೂ ಕೊಡ್ತಾರಾ ಸರ್ ಅದನ್ನ, ವಯಸ್ಸಾದೋರು ಕತ್ತಲಲ್ಲಿ ಎದ್ದು ತಲೆಸುತ್ತಿ ಬಿದ್ರೆ ಏನ್ ಗತಿ’ ಅಂದ್ರು. ಹಾಗೇ ಮಾತಿನ ಮಧ್ಯೆ, ‘ಐಸೊಸಾರ್ಬೈಡ್ ಕೂಡ ರಾತ್ರಿ ಕೊಡ್ತಿಲ್ಲ ತಾನೆ? ಅದು 8 ಮತ್ತೆ 3’ ಅಂತ ಸೇರಿಸಿದ್ರು. ಅದೇ ದಿನ ಡಾಕ್ಟರ್ ಹತ್ರಾನೂ ಕೇಳಿ ಗಟ್ಟಿ ಮಾಡ್ಕೊಂಡೆ, ಹೌದು ಎರಡೂ ಮಧ್ಯಾಹ್ನಾನೇ ಅಂದ್ರು.

ಐಸೊಸಾರ್ಬೈಡ್ ವಿಷಯ ನಂಗೆ ಹೊಸದು. ನೀರಿನ ಮಾತ್ರೆಯನ್ನ ರಾತ್ರಿ ಕೊಡಬಾರದು ಅನ್ನೋದು ಯೋಚ್ನೆ ಮಾಡಿದ್ರೆ ಯಾರಿಗಾದ್ರೂ ಹೊಳೆಯುತ್ತೆ, ಆದ್ರೆ ಎದೆನೋವು ತಡೆಯೋ ಮಾತ್ರೆಯನ್ನ ಹನ್ನೆರಡು ಗಂಟೆಗೊಂದರಂತೆ ಕೊಟ್ರೆ ಒಳ್ಳೇದಲ್ವಾ, ದಿನಪೂರ್ತಿ ಕಾವಲಿದ್ದಂಗಾಯ್ತು ಅಂತಾನೇ ನಾವು ಅಂದ್ಕೊಳ್ಳೋದು. ಡಾಕ್ಟರ್ ಹೇಳಿದ್ದು ಅದಕ್ಕೆ ತದ್ವಿರುದ್ಧ. ಈ ನೈಟ್ರೇಟ್ ಜಾತಿಯ ಔಷಧಿ ರಕ್ತದಲ್ಲಿ ಇಪ್ಪತ್ನಾಲ್ಕು ಗಂಟೇನೂ ಇದ್ರೆ ರಕ್ತನಾಳಗಳು ಅದಕ್ಕೆ ಒಗ್ಗಿಹೋಗ್ತವೆ, ಆಮೇಲೆ ಮಾತ್ರೆ ನುಂಗಿದ್ರೂ ನಾಳ ಹಿಗ್ಗೋದು ಕಮ್ಮಿಯಾಗುತ್ತೆ. ಅದಕ್ಕೇ ದಿನಕ್ಕೊಂದು ಸಲ, ಸಾಮಾನ್ಯವಾಗಿ ರಾತ್ರಿ, ಒಂದಷ್ಟು ಗಂಟೆ ಔಷಧಿ ಇಳಿದುಹೋಗೋಕೆ ಬಿಡಬೇಕು. ಎರಡು ಡೋಸಿನ ಮಧ್ಯೆ ಏಳು ಗಂಟೆ, ಎರಡನೇ ಡೋಸಿಂದ ಮಾರನೇ ದಿನದ ಮೊದಲನೇದಕ್ಕೆ ಹದಿನೇಳು ಗಂಟೆ. ಇದರಲ್ಲಿ ತೊಂದರೆ ಏನಂದ್ರೆ ಫ್ಯೂರೊಸೆಮೈಡ್ ಟೈಮ್ ತಪ್ಪಿದ್ರೆ ಅವತ್ತು ರಾತ್ರೀನೇ ಗೊತ್ತಾಗುತ್ತೆ, ಇದು ತಪ್ಪಿದ್ರೆ ಗೊತ್ತೇ ಆಗಲ್ಲ. ನಿಧಾನಕ್ಕೆ ಎದೆನೋವು ಮತ್ತೆ ಶುರುವಾಗುತ್ತೆ, ಮಾತ್ರೆ ತಗೊಳ್ತಾನೇ ಇದಾರಲ್ಲ ಮತ್ಯಾಕೆ ನೋವು ಅಂತ ಡೋಸ್ ಜಾಸ್ತಿ ಮಾಡಿಸ್ಕೊಂಡು ಬರ್ತಾರೆ. ಕವರ್ ಮೇಲಿನ 1-0-1 ಕಡೆ ಯಾರೂ ನೋಡಲ್ಲ.

ಇನ್ನು ಮೆಟ್‌ಫಾರ್ಮಿನ್. ಇದೊಂದೇ ನೋಡಿ ಕವರ್ ಮೇಲೆ ಬರೆದಂಗೆ ನಿಜವಾಗ್ಲೂ ಬೆಳಿಗ್ಗೆ-ರಾತ್ರಿ ಇದ್ದಿದ್ದು. ಆದ್ರೆ ಇದಕ್ಕೂ ಗಡಿಯಾರ ಮುಖ್ಯ ಅಲ್ಲ, ತಟ್ಟೆ ಮುಖ್ಯ. ತಿಂಡಿ ಜೊತೆ ಒಂದು, ರಾತ್ರಿ ಊಟದ ಜೊತೆ ಒಂದು. ಊಟ 8ಕ್ಕಾದ್ರೆ 8, ಯಾವತ್ತೋ 9 ಆಯ್ತು ಅಂದ್ರೆ 9. ಖಾಲಿ ಹೊಟ್ಟೆಗೆ ಬಿದ್ರೆ ಹೊಟ್ಟೆ ತೊಳೆಸಿದಂಗಾಗೋದು, ಭೇದಿ ಆಗೋದು ಇದೆ, ಅದಕ್ಕೆ ಪಿ.ಸಿ. ಅಂತ ಪಕ್ಕದಲ್ಲಿ ಬರೆದಿದ್ದು. ಪಿ.ಸಿ. ಅಂದ್ರೆ ಊಟ ಆಗಿ ಒಂದು ಗಂಟೆ ಬಿಟ್ಟು ಅಂತ ಕೆಲವರು ತಿಳ್ಕೊಂಡಿರ್ತಾರೆ, ಫಾರ್ಮಸಿಸ್ಟ್ ಹೇಳಿದ್ದು ಊಟದ ಮಧ್ಯೆನೋ ಕೈ ತೊಳೆದ ತಕ್ಷಣಾನೋ ನುಂಗಿದ್ರೆ ಸಾಕು ಅಂತ.

ಹೀಗೆ ಒಂದೇ ಬಿ.ಡಿ.ಗೆ ಮನೆಯಲ್ಲಿ ಮೂರು ಅರ್ಥ ಆಯ್ತು, 8-2, 8-3, ಮತ್ತೆ ತಿಂಡಿ-ಊಟ.

ಟಿ.ಡಿ.ಎಸ್. ಇದ್ದಿದ್ದು ಆಂಟಿಬಯಾಟಿಕ್‌ಗೆ, ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625. ಮೂರು ಹೊತ್ತು ಅಂದ ತಕ್ಷಣ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ ಅಂತ ಮನಸ್ಸು ಓಡುತ್ತೆ. ನಮ್ಮನೆಯಲ್ಲಿ ತಿಂಡಿ 8, ಊಟ 1, ರಾತ್ರಿ ಊಟ 8. ಗ್ಯಾಪ್ ಲೆಕ್ಕ ಹಾಕಿ ನೋಡಿ, ಮೊದಲು ಐದು ಗಂಟೆ, ಆಮೇಲೆ ಏಳು, ರಾತ್ರಿ ಪೂರಾ ಹನ್ನೆರಡು. ಈ ಜಾತಿಯ ಆಂಟಿಬಯಾಟಿಕ್ ಮೈಯಲ್ಲಿ ತುಂಬಾ ಹೊತ್ತು ನಿಲ್ಲಲ್ಲ, ಹೆಚ್ಚೂಕಮ್ಮಿ ಗಂಟೆಗೊಂದು ಸಲ ರಕ್ತದಲ್ಲಿರೋ ಪ್ರಮಾಣ ಅರ್ಧಕ್ಕಿಳಿಯುತ್ತೆ. ಮತ್ತೆ ಇದು ಬ್ಯಾಕ್ಟೀರಿಯಾ ಕೊಲ್ಲೋದು ಒಂದೇ ಸಲ ಜಾಸ್ತಿ ಪ್ರಮಾಣ ಇದ್ದಿದ್ರಿಂದ ಅಲ್ಲ, ಸಾಕಷ್ಟು ಪ್ರಮಾಣ ಎಷ್ಟು ಹೊತ್ತು ನಿಂತಿತ್ತು ಅನ್ನೋದ್ರಿಂದ. ಹಗಲಲ್ಲಿ ಎರಡು ಡೋಸ್ ಹತ್ತಿರ ಹತ್ತಿರ ಕೊಟ್ಟು ರಾತ್ರಿ ಹನ್ನೆರಡು ಗಂಟೆ ಖಾಲಿ ಬಿಟ್ರೆ ಆ ಉದ್ದದ ಗ್ಯಾಪಲ್ಲಿ ಬ್ಯಾಕ್ಟೀರಿಯಾಗೆ ಚೇತರಿಸ್ಕೊಳ್ಳೋಕೆ ಟೈಮ್ ಸಿಗುತ್ತೆ.

ಹಾಗಂತ ಪಕ್ಕಾ ಎಂಟು ಗಂಟೆಗೊಂದು ಅಂತ ಅಲಾರಂ ಇಟ್ಟು ಎಬ್ಬಿಸಬೇಕಾಗಿಲ್ಲ. ವಾರ್ಡಲ್ಲಿ ಇಂಜೆಕ್ಷನ್‌ಗೆ ‘ಕ್ಯೂ 8 ಎಚ್’ ಅಂತ ಬರೆದಿದ್ರು, ಅದು ಎಂಟು ಗಂಟೆಗೊಂದು ಅಂತಾನೇ ಅರ್ಥ, 6-2-10ಕ್ಕೆ ಕೊಡ್ತಿದ್ರು. ಮನೆಗೆ ಬರೆದಿದ್ದು ಟಿ.ಡಿ.ಎಸ್., ಅದರಲ್ಲಿ ಸ್ವಲ್ಪ ಸಡಿಲ ಇದೆ. ಎಚ್ಚರ ಇರೋ ಹೊತ್ತಲ್ಲೇ ಆದಷ್ಟು ದೂರ ದೂರ ಹಂಚಿ, ಊಟ ಶುರು ಮಾಡೋವಾಗ ಕೊಡಿ ಅಂದ್ರು ಫಾರ್ಮಸಿಸ್ಟು, ಊಟದ ಜೊತೆ ಆದ್ರೆ ಹೊಟ್ಟೆಗೂ ಹಿತ, ಕ್ಲಾವುಲನೇಟ್ ಮೈಗೆ ಹತ್ತೋದೂ ಚೆನ್ನಾಗಿರುತ್ತೆ ಅಂತ. ಅದಕ್ಕೆ ಏನ್ ಮಾಡಿದ್ವಿ ಅಂದ್ರೆ ತಿಂಡಿಯನ್ನ ಏಳೂವರೆಗೆ ತಂದ್ವಿ, ಮಧ್ಯಾಹ್ನದ ಊಟವನ್ನ 2ಕ್ಕೆ ತಳ್ಳಿದ್ವಿ, ಮೂರನೇ ಡೋಸನ್ನ ರಾತ್ರಿ ಊಟಕ್ಕೆ ಕಟ್ಟದೆ ಮಲಗೋ ಮುಂಚೆ 10ಕ್ಕೆ ಚೂರು ಏನಾದ್ರೂ ತಿಂದು ತಗೊಳ್ಳೋ ಹಾಗೆ ಇಟ್ವಿ. ಗ್ಯಾಪು ಆರೂವರೆ, ಎಂಟು, ಒಂಬತ್ತೂವರೆ. ಸಮ ಅಲ್ಲ, ಆದ್ರೆ 5-7-12ಕ್ಕಿಂತ ಎಷ್ಟೋ ವಾಸಿ, ನಿದ್ದೇನೂ ಕೆಡಲಿಲ್ಲ. ಮಧ್ಯಾಹ್ನ 2ಕ್ಕೆ ಊಟ ಅಂದಿದ್ದಕ್ಕೆ ಅಪ್ಪ ‘ಏನೋ ಇದು, ಮಾತ್ರೆಗೋಸ್ಕರ ಉಪವಾಸ ಕೂರಿಸ್ತೀಯಾ’ ಅಂತ ಗೊಣಗಿದ್ರು. ಕೋರ್ಸ್ ಮುಗಿಯೋವರೆಗೆ ಮಾತ್ರ ಅಪ್ಪ ಅಂದೆ.

ಇಲ್ಲೊಂದು ವಿಷಯ ಡಿಸ್ಚಾರ್ಜ್ ದಿನಾನೇ ಕೇಳಬೇಕಾಗಿರೋದು, ವಾರ್ಡಲ್ಲಿ ಕೊನೆ ಡೋಸ್ ಎಷ್ಟೊತ್ತಿಗೆ ಕೊಟ್ರಿ ಅಂತ. ನಾವು ಕೇಳಿದ್ದಕ್ಕೆ 2 ಗಂಟೆಯದು ಆಗಿದೆ ಅಂದ್ರು, ಮನೆಯಲ್ಲಿ ನೇರ ರಾತ್ರಿ 10ರಿಂದ ಶುರು ಮಾಡಿದ್ವಿ. ಕೇಳದೆ ಹೋದ್ರೆ ಸಾಯಂಕಾಲ ಮನೆಗೆ ಬಂದ ಕೂಡ್ಲೇ ಒಂದು ನುಂಗಿಸಿ ಡಬಲ್ ಮಾಡ್ತೀವಿ, ಇಲ್ಲಾ ನಾಳೆ ಬೆಳಿಗ್ಗೆಯಿಂದ ಶುರು ಮಾಡೋಣ ಅಂತ ಒಂದು ಡೋಸ್ ತಪ್ಪಿಸಿಬಿಡ್ತೀವಿ.

ಓ.ಡಿ. ನೋಡೋಕೆ ಎಲ್ಲಕ್ಕಿಂತ ಸುಲಭ, ದಿನಕ್ಕೊಂದು, ಯಾವಾಗಾದ್ರೂ ಒಂದು. ನಮ್ಮ ಶೀಟಲ್ಲಿ ಥೈರಾಯ್ಡ್ ಮಾತ್ರೆ ಓ.ಡಿ., ಗ್ಯಾಸ್‌ಗೆ ಕೊಡೋ ಪ್ಯಾಂಟೊಪ್ರಜೋಲ್ ಓ.ಡಿ., ಕ್ಯಾಲ್ಸಿಯಂ ಓ.ಡಿ. ಮೂರೂ ಬೆಳಿಗ್ಗೆ ಒಟ್ಟಿಗೆ ಕೊಟ್ಟು ಮುಗಿಸೋಣ ಅಂತ ಅಕ್ಕ. ಆದ್ರೆ ಥೈರಾಯ್ಡಿನ ಲೆವೊಥೈರಾಕ್ಸಿನ್‌ಗೂ ಕ್ಯಾಲ್ಸಿಯಂಗೂ ಆಗಲ್ಲ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಅದನ್ನ ಹಿಡ್ಕೊಂಡುಬಿಡುತ್ತೆ, ರಕ್ತಕ್ಕೆ ಸೇರೋದು ಕಮ್ಮಿಯಾಗುತ್ತೆ, ಮಧ್ಯೆ ನಾಲ್ಕು ಗಂಟೆಯಾದ್ರೂ ಇರಬೇಕು. ಕಬ್ಬಿಣದ ಮಾತ್ರೆಗೂ ಇದೇ ನಿಯಮ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ ಬರೀ ನೀರಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ಇದನ್ನ 6ಕ್ಕೆ ಇಟ್ವಿ. ಪ್ಯಾಂಟೊಪ್ರಜೋಲ್‌ಗೆ ಎ.ಸಿ. ಅಂತ ಇತ್ತು, ತಿಂಡಿಗೆ ಅರ್ಧ ಗಂಟೆ ಮುಂಚೆ 7ಕ್ಕೆ ಹೋಯ್ತು. ಆಸಿಡ್ ಬಿಡೋ ಪಂಪುಗಳು ಊಟ ಬಿದ್ದಾಗ ಚುರುಕಾಗೋದು, ಅಷ್ಟರಲ್ಲಿ ಮಾತ್ರೆ ರಕ್ತದಲ್ಲಿ ರೆಡಿ ಇರಬೇಕು, ಅದಕ್ಕೇ ಊಟ ಆದ್ಮೇಲೆ ಎದೆ ಉರಿ ಬಂದಾಗ ನುಂಗಿದ್ರೆ ಅಷ್ಟು ಉಪಯೋಗ ಆಗಲ್ಲ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ 2ಕ್ಕೆ. 6ಕ್ಕೂ 2ಕ್ಕೂ ಎಂಟು ಗಂಟೆ, ನಿಶ್ಚಿಂತೆ.

ಕಣ್ಣಿನ ಡಾಕ್ಟರ ಚೀಟಿಯಲ್ಲಿ ಮಾತ್ರ ಓ.ಡಿ. ಅಂದ್ರೆ ಬಲಗಣ್ಣು, ದಿನಕ್ಕೊಂದು ಸಲ ಅಂತಲ್ಲ. ಡ್ರಾಪ್ಸ್ ಬರೆದಿದ್ರೆ ಒಂದು ಸಲ ಬಾಯಿಬಿಟ್ಟು ಕೇಳಿ. ಬೇರೆ ದೇಶದಲ್ಲಿರೋ ಮಕ್ಕಳು ಅಲ್ಲಿಂದ ಚೀಟಿ ಫೋಟೋ ಕಳಿಸಿ ಇದೇನು ಅಂತ ಕೇಳ್ತಾರಲ್ಲ, ಅಮೆರಿಕದಲ್ಲಿ ದಿನಕ್ಕೊಂದು ಸಲ ಅನ್ನೋದನ್ನ ಕ್ಯೂ.ಡಿ. ಅಂತ ಬರೆಯೋ ರೂಢಿ ಇತ್ತು. ಕೈಬರಹದಲ್ಲಿ ಅದು ಕ್ಯೂ.ಐ.ಡಿ. ಥರ ಕಂಡು ಒಂದಕ್ಕೆ ನಾಲ್ಕು ಸಲ ಕೊಡೋ ಅಪಾಯ ಇದೆ ಅಂತ ಅಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಜಾಯಿಂಟ್ ಕಮಿಷನ್ ಅದನ್ನ ಬರೆಯಬಾರದ ಅಕ್ಷರಗಳ ಪಟ್ಟಿಗೆ ಹಾಕಿದೆ, ‘ದಿನಕ್ಕೊಂದು ಸಲ’ ಅಂತ ಪೂರ್ತಿ ಬರೀರಿ ಅಂತ. ನನ್ನ ಪ್ರಕಾರ ಎಲ್ಲಾ ಅಕ್ಷರಗಳಿಗೂ ಅದನ್ನೇ ಮಾಡಬೇಕು, ಎರಡು ಸೆಕೆಂಡ್ ಉಳಿಸೋಕೆ ಇಷ್ಟೆಲ್ಲಾ ಯಾಕೆ.

ಎಚ್.ಎಸ್. ಇದ್ದಿದ್ದು ಕೊಲೆಸ್ಟ್ರಾಲಿನ ಅಟೊರ್ವಾಸ್ಟಾಟಿನ್‌ಗೆ, 10 ಗಂಟೆ ಸ್ಲಾಟಿಗೆ ಹಾಕಿದ್ವಿ. ಈ ಮಾತ್ರೆ ಮೈಯಲ್ಲಿ ತುಂಬಾ ಹೊತ್ತು ಇರುತ್ತೆ, ದಿನದ ಯಾವ ಹೊತ್ತಿಗೆ ತಗೊಂಡ್ರೂ ನಡೆಯುತ್ತೆ, ಆದ್ರೆ ದಿನಾ ಅದೇ ಟೈಮ್ ಇದ್ರೆ ಮರೆಯಲ್ಲ.

ಎಸ್.ಒ.ಎಸ್.ಗೆ ಸ್ಲಾಟೇ ಇಲ್ಲ, ಅದೇ ಅದರ ತಲೆನೋವು. ಜ್ವರ ಬಂದ್ರೆ ಪ್ಯಾರಾಸಿಟಮಾಲ್ 650 ಎಸ್.ಒ.ಎಸ್. ಅಂತ ಬರೆದಿದ್ರು, ಎರಡರ ಮಧ್ಯೆ ಎಷ್ಟು ಗ್ಯಾಪ್, ದಿನಕ್ಕೆ ಹೆಚ್ಚಂದ್ರೆ ಎಷ್ಟು ಅಂತ ಇರಲಿಲ್ಲ. ಕೇಳಿದ್ದಕ್ಕೆ ಆರು ಗಂಟೆ ಗ್ಯಾಪ್, ದಿನಕ್ಕೆ ಮೂರು ದಾಟಬೇಡಿ, ನೆಗಡಿ ಮಾತ್ರೆ ಕೊಡ್ತಿದ್ರೆ ಅದರಲ್ಲೂ ಪ್ಯಾರಾಸಿಟಮಾಲ್ ಇರುತ್ತೆ ನೋಡ್ಕೊಳ್ಳಿ ಅಂದ್ರು. ಮನೆಯಲ್ಲಿ ನೋಡ್ಕೊಳ್ಳೋಕೆ ನಾವು ಇಬ್ಬರು, ನಾನು ಕೊಟ್ಟಿದ್ದು ಅಕ್ಕಂಗೆ ಗೊತ್ತಿರಲ್ಲ, ಅವಳು ಕೊಟ್ಟಿದ್ದು ನಂಗೆ. ಅದಕ್ಕೆ ಫ್ರಿಜ್ ಮೇಲೆ ಅಂಟಿಸಿದ್ದ ಚಾರ್ಟಿನ ಕೆಳಗೆ ಖಾಲಿ ಜಾಗ ಬಿಟ್ಟು, ಪ್ಯಾರಾಸಿಟಮಾಲ್ ಕೊಟ್ಟೋರು ಕೊಟ್ಟ ಟೈಮ್ ಅಲ್ಲೇ ಬರೀಬೇಕು ಅಂತ ಮಾಡಿದ್ವಿ. ಬೇರೆ ಮಾತ್ರೆಗೆ ಟಿಕ್ ಸಾಕು, ಇದಕ್ಕೆ ಟೈಮೇ ಬೇಕು.

ಕೊನೆಗೆ ಚಾರ್ಟ್ ಹೀಗೆ ಬಂತು. 6ಕ್ಕೆ ಥೈರಾಯ್ಡ್, 7ಕ್ಕೆ ಪ್ಯಾಂಟೊಪ್ರಜೋಲ್, ಏಳೂವರೆಗೆ ತಿಂಡಿ ಜೊತೆ ಆಂಟಿಬಯಾಟಿಕ್ ಮತ್ತೆ ಮೆಟ್‌ಫಾರ್ಮಿನ್, 8ಕ್ಕೆ ಫ್ಯೂರೊಸೆಮೈಡ್ ಮತ್ತೆ ಐಸೊಸಾರ್ಬೈಡ್, ಮಧ್ಯಾಹ್ನ 2ಕ್ಕೆ ಊಟದ ಜೊತೆ ಆಂಟಿಬಯಾಟಿಕ್, ಕ್ಯಾಲ್ಸಿಯಂ, ಎರಡನೇ ಫ್ಯೂರೊಸೆಮೈಡ್, 3ಕ್ಕೆ ಎರಡನೇ ಐಸೊಸಾರ್ಬೈಡ್, ರಾತ್ರಿ 8ಕ್ಕೆ ಊಟದ ಜೊತೆ ಮೆಟ್‌ಫಾರ್ಮಿನ್, 10ಕ್ಕೆ ಆಂಟಿಬಯಾಟಿಕ್ ಮತ್ತೆ ಅಟೊರ್ವಾಸ್ಟಾಟಿನ್. ಮಾತ್ರೆ ಹೆಸರಿನ ಪ್ರಕಾರ ಬರೆದಿದ್ದ ಶೀಟನ್ನ ಟೈಮ್ ಪ್ರಕಾರ ತಿರುಗಿಸಿ ಬರ್ಕೊಂಡಿದ್ದು ಅಷ್ಟೇ, ಆದ್ರೆ ಹಾಗೆ ತಿರುಗಿಸಿದಾಗಲೇ ಯಾವುದು ಯಾವುದರ ಜೊತೆ ಬೀಳ್ತಿದೆ ಅಂತ ಕಾಣೋದು. ಇದನ್ನ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ ಓಕೆ ಅನ್ನಿಸ್ಕೊಂಡೆ, ನಾವೇ ಟೈಮ್ ಜರುಗಿಸಿಬಿಟ್ಟು ಸುಮ್ನಿರೋದು ಬೇಡ ಅಂತ. ಕವರ್ ಮೇಲಿದ್ದ 1-0-1 ಹೊಡೆದುಹಾಕಿ ಎರಡರ ಮೇಲೆ 8-2, 8-3 ಅಂತ ಮಾರ್ಕರಲ್ಲಿ ದಪ್ಪಗೆ ಬರೆದೆ. ಫ್ಯೂರೊಸೆಮೈಡ್ ಮಧ್ಯಾಹ್ನಕ್ಕೆ ಹೋದ ರಾತ್ರಿ ಅಪ್ಪ ಎದ್ದಿದ್ದು ಮೊದಲಿನ ಥರ ಒಂದು ಸಲ.

ಫಾಲೋಅಪ್‌ಗೆ ಹೋದಾಗ ಆಂಟಿಬಯಾಟಿಕ್ ಮುಗಿದಿತ್ತು, ಊಟ ಮತ್ತೆ 1ಕ್ಕೆ ಬಂದಿತ್ತು. ಡಾಕ್ಟರ್ ಚಾರ್ಟ್ ನೋಡಿ, 8-3 ನೆನಪಿಟ್ಕೊಳ್ಳೋದು ಕಷ್ಟ ಆಗ್ತಿದ್ರೆ ಇದೇ ಐಸೊಸಾರ್ಬೈಡ್ ನಿಧಾನಕ್ಕೆ ಬಿಡುಗಡೆ ಆಗೋ ಮಾತ್ರೆಯಲ್ಲಿ ಬರುತ್ತೆ, ಬೆಳಿಗ್ಗೆ ಒಂದೇ ಸಲ ಅಂತ ಬದಲಾಯಿಸಿಕೊಟ್ರು. ಈ ಸಲ ಚೀಟಿಯಲ್ಲಿ ಓ.ಡಿ. ಅಂತ ಬರೆದು ನಿಲ್ಲಿಸಿದ್ರು, ನಾನು ‘ಸರ್, ಬೆಳಿಗ್ಗೆ 8 ಅಂತಾನೂ ಬರೀರಿ’ ಅಂದೆ, ನಕ್ಕು ಬರೆದ್ರು. ಜೊತೆಗೆ ಇದನ್ನ ಪುಡಿ ಮಾಡಬಾರದು, ಅಗಿಯಬಾರದು, ದಿನವಿಡೀ ಬಿಡುಗಡೆ ಆಗಬೇಕಾಗಿದ್ದು ಒಂದೇ ಸಲಕ್ಕೆ ಬಿಟ್ಟುಬಿಡುತ್ತೆ ಅಂತ ಹೇಳಿದ್ರು. ಅಪ್ಪಂಗೆ ದೊಡ್ಡ ಮಾತ್ರೆಯನ್ನೆಲ್ಲ ಕುಟ್ಟಿ ನೀರಿಗೆ ಹಾಕ್ಕೊಂಡು ಕುಡಿಯೋ ಚಟ ಇದೆ, ಚಾರ್ಟಲ್ಲಿ 8ರ ಮುಂದೆ ಅದನ್ನೂ ಬರೆದಿದೀನಿ.